ಒಂದು ದಿನ ಜಾಸ್ತಿ ಬರೋದು ಎಲ್ಲಿಂದ?

“ದಾವಣಗೆರೆಯಲ್ಲಿ 15-12-2023ಕ್ಕೆ ಚಿನ್ನ ಅಡ ಇಟ್ಟು, 10-3-2024ಕ್ಕೆ ಬಿಡಿಸಿಕೊಂಡೆ. 86 ದಿನದ ಬಡ್ಡಿ ಹಾಕಿದ್ದಾರೆ. ನಾನು ಎಣಿಸಿದರೆ 85. ಯಾರದ್ದು ತಪ್ಪು?”

ನೀವು ಬಹುಶಃ ಫೆಬ್ರವರಿಗೆ 28 ದಿನ ಹಿಡಿದಿದ್ದೀರಿ. 2024 ಅಧಿಕ ವರ್ಷ, ಆ ತಿಂಗಳಲ್ಲಿ 29 ದಿನ.

ತಿಂಗಳು ತಿಂಗಳಾಗಿ ಕೂಡಿಸಿ ನೋಡಿ. ಇಟ್ಟ ದಿನ ಬಿಟ್ಟರೆ ಡಿಸೆಂಬರ್‌ನಲ್ಲಿ ಉಳಿಯೋದು 16. ಜನವರಿ 31, ಫೆಬ್ರವರಿ 29, ಮಾರ್ಚ್ 10. ಒಟ್ಟು 86, ಅವರ ಲೆಕ್ಕ ಸರಿ ಇದೆ. ಇಟ್ಟ ದಿನವನ್ನೂ ಸೇರಿಸಿದ್ದರೆ 87 ಆಗುತ್ತಿತ್ತು. ಕೆಲವರು ಹಾಗೂ ಎಣಿಸುತ್ತಾರೆ, ಅದಕ್ಕೆ ಚೀಟಿಯಲ್ಲಿ ಬರೆದ ಷರತ್ತು ಒಮ್ಮೆ ಓದಿ.

ಇನ್ನೊಂದು ಕಡೆ ತುಂಬಾ ಜನ ಎಡವುತ್ತಾರೆ. ಅಧಿಕ ವರ್ಷ ಅಂದ ತಕ್ಷಣ ಸುಮ್ನೆ ಒಂದು ದಿನ ಸೇರಿಸಿಬಿಡುತ್ತಾರೆ. ಹಾಗಲ್ಲ, ಎರಡು ತಾರೀಕುಗಳ ನಡುವೆ ಫೆಬ್ರವರಿ 29 ಬರುತ್ತಾ ಅನ್ನೋದಷ್ಟೇ ಮುಖ್ಯ. 10-3-2023ರಿಂದ 10-3-2024ಕ್ಕೆ 366 ದಿನ. ಅದೇ 10-3-2024ರಿಂದ 10-3-2025ಕ್ಕೆ 365 ಮಾತ್ರ, ಶುರುವಾಗಿದ್ದು ಅಧಿಕ ವರ್ಷದಲ್ಲೇ ಆದರೂ. ಆ 29 ಆಗಲೇ ಕಳೆದುಹೋಗಿರುತ್ತದೆ ಅಲ್ವಾ?

ಕೈಲೆಕ್ಕ ನಂಬಿಕೆ ಬರದಿದ್ದರೆ ಎಕ್ಸೆಲ್‌ನ ಖಾಲಿ ಸೆಲ್‌ನಲ್ಲಿ ಇದನ್ನು ಹಾಕಿ:

```
=DATE(2024,3,10)-DATE(2023,12,15)
```

86 ಅಂತ ಬರಬೇಕು. ಅದರ ಬದಲು ಯಾವುದೋ ತಾರೀಕು ಕಂಡರೆ ಸೆಲ್‌ನ ಫಾರ್ಮ್ಯಾಟ್ ಅನ್ನು Number ಮಾಡಿ.

ದಿನ ಸರಿ ಇದ್ದೂ ಬಡ್ಡಿ ಮೊತ್ತ ತಾಳೆಯಾಗದಿದ್ದರೆ, ವರ್ಷದ ಬಡ್ಡಿಯನ್ನು 365ರಿಂದ ಭಾಗಿಸಿದ್ದಾರೋ 366ರಿಂದಲೋ ಅಂತ ಕೌಂಟರ್‌ನಲ್ಲಿ ಕೇಳಿ.