ನಿಲ್ಲಿಸಿದ ಗ್ರಾಹಕರಿಗೆ ಆಫರ್ ಯಾವಾಗ ಕಳಿಸಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ತಿಂಗಳ ಚಂದಾ ಮೇಲೆ ಗಾಣದ ಶೇಂಗಾ ಎಣ್ಣೆ ಮನೆಗೆ ಕೊಡ್ತೀನಿ. ನಿಲ್ಲಿಸಿದವರಿಗೆಲ್ಲ 20% ರಿಯಾಯಿತಿ ಕಳಿಸಲಾ?

ಉತ್ತರ: ಎಲ್ಲರಿಗೂ ಒಂದೇ ಸಲ ಬೇಡ. ಕೊನೆಯ ಕ್ಯಾನ್ ತಗೊಂಡು ಎಷ್ಟು ತಿಂಗಳಾಯ್ತು ಅಂತ ನೋಡಿ ಪಟ್ಟಿ ಬೇರೆ ಮಾಡಿ.

ಒಂದು ತಿಂಗಳು ತಪ್ಪಿಸಿದವರು ಇನ್ನೂ ಬಿಟ್ಟಿಲ್ಲ. ಹಬ್ಬಕ್ಕೆ ಊರಿಗೆ ಹೋಗಿರಬಹುದು, ಹಳೇ ಎಣ್ಣೆ ಉಳಿದಿರಬಹುದು. ಅವರಿಗೆ ರಿಯಾಯಿತಿ ಕೊಟ್ಟರೆ ಸುಮ್ನೆ ನಷ್ಟ, ಹೇಗೂ ತಗೊಳ್ಳೋರೇ ಅಲ್ವಾ? "ಎಣ್ಣೆ ಮುಗೀತಾ ಅಕ್ಕಾ, ಕಳಿಸ್ಲಾ?" ಅಂದರೆ ಸಾಕು.

ಎರಡು-ಮೂರು ತಿಂಗಳಾದವರು ಬೇರೆ ಅಂಗಡಿ ಹಿಡಿದಿರುತ್ತಾರೆ. ಆಫರ್ ಕೊಡಬೇಕಾದ್ದು ಮುಖ್ಯವಾಗಿ ಇಲ್ಲೇ. ಆದರೆ ಮೊದಲು ಕಾರಣ ಕೇಳಿ. "ಐದು ಲೀಟರ್ ನಮಗೆ ಜಾಸ್ತಿ ಆಗ್ತಿತ್ತು" ಅಂದರೆ ಅದಕ್ಕೆ ಮದ್ದು ಎರಡು ಲೀಟರ್ ಕ್ಯಾನ್, ರಿಯಾಯಿತಿ ಅಲ್ಲ.

ಆರು ತಿಂಗಳು ದಾಟಿದವರಿಗೆ ದೊಡ್ಡ ಆಫರ್ ಒಂದೇ ಸಲ, ಮೊದಲ ಕ್ಯಾನಿಗೆ ಮಾತ್ರ. ಉತ್ತರ ಬರದಿದ್ದರೆ ಪಟ್ಟಿಯಿಂದ ತೆಗೆದುಬಿಡಿ.

ಆಫರ್ ಕೆಲಸ ಮಾಡಿತಾ ಅಂತ ತಿಳಿಯೋಕೆ ಕೆಲವರಿಗೆ ಬೇಕಂತಲೇ ಕಳಿಸಬೇಡಿ. ಅರವತ್ತು ಜನರಲ್ಲಿ ಚೀಟಿ ಎತ್ತಿ ಮೂವತ್ತು ಜನಕ್ಕೆ ಕಳಿಸಿದಿರಿ ಅಂದ್ಕೊಳ್ಳಿ. ಅವರಲ್ಲಿ ಒಂಬತ್ತು ಜನ ಬಂದರು, ಕಳಿಸದ ಮೂವತ್ತರಲ್ಲಿ ಐದು ಜನ ತಾವಾಗಿಯೇ ಬಂದರು. ಹಾಗಾದರೆ ಆಫರ್ ತಂದದ್ದು ನಾಲ್ವರನ್ನು, ರಿಯಾಯಿತಿ ಕೊಟ್ಟದ್ದು ಒಂಬತ್ತು ಜನಕ್ಕೆ. ಇಷ್ಟು ಚಿಕ್ಕ ಲೆಕ್ಕದಲ್ಲಿ ಅದೃಷ್ಟವೂ ಇರುತ್ತದೆ, ಎರಡು-ಮೂರು ಸಲ ಮಾಡಿ ನೋಡಿ. ಬಂದವರು ಎರಡನೇ ಕ್ಯಾನನ್ನು ಪೂರ್ತಿ ಬೆಲೆಗೆ ತಗೊಂಡರಾ ಅನ್ನೋದನ್ನೂ ಬರೆದಿಡಿ.