ಡಬಲ್ ಸ್ಲಿಟ್‌ನ ಐದನೆಯ ಪಟ್ಟಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಸಿಂಗಲ್ ಸ್ಲಿಟ್‌ನಲ್ಲಿ a sinθ = λ ಆದರೆ ಕಪ್ಪು, ಡಬಲ್ ಸ್ಲಿಟ್‌ನಲ್ಲಿ d sinθ = λ ಆದರೆ ಬೆಳಕು. ಸೂತ್ರ ಒಂದೇ ಥರ, ಉತ್ತರ ಯಾಕೆ ಉಲ್ಟಾ? ಲ್ಯಾಬಿನಲ್ಲಿ ಕೆಂಪು ಲೇಸರ್ ಇಟ್ಟು ನೋಡಿದಾಗ ಡಬಲ್ ಸ್ಲಿಟ್‌ನ ಪಟ್ಟಿಗಳು ಪುಸ್ತಕದ ಚಿತ್ರದ ಹಾಗೆ ಸಮನಾದ ಬೆಳಕಿನಲ್ಲಿ ಇರಲಿಲ್ಲ. ಐದನೆಯದು ಕಾಣಲೇ ಇಲ್ಲ. ಸ್ಲೈಡ್ ಮೇಲೆ a = 0.05 mm, d = 0.25 mm ಅಂತ ಇದೆ, ಪರದೆ 2 ಮೀಟರ್ ದೂರ. ಸ್ಲೈಡ್ ಕೆಟ್ಟಿದೆಯಾ ಸರ್?

ಸ್ಲೈಡ್ ಕೆಟ್ಟಿಲ್ಲ. ನೀವು ಕಂಡದ್ದೇ ಸರಿಯಾದ ಚಿತ್ರ. ನಾನು ಉಡುಪಿಯಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ, ಹಾಗಾಗಿ ಮೊದಲನೆಯದರಿಂದಲೇ ಹೊರಡೋಣ.

ಎರಡು ಸೂತ್ರಗಳಲ್ಲೂ ಎಡಗಡೆ ಇರುವುದು ಪಾಥ್ ಡಿಫರೆನ್ಸ್. ಆದರೆ ಯಾವುದರ ಮತ್ತು ಯಾವುದರ ನಡುವೆ? ಡಬಲ್ ಸ್ಲಿಟ್‌ನಲ್ಲಿ d ಎಂದರೆ ಒಂದು ಸ್ಲಿಟ್‌ನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ದೂರ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಅಲೆಗಳು. ಅವುಗಳ ನಡುವೆ ಸರಿಯಾಗಿ ಒಂದು λ ವ್ಯತ್ಯಾಸ ಇದ್ದರೆ ಏರು ಏರಿಗೆ ಸೇರುತ್ತದೆ, ಬೆಳಕು ಬರುತ್ತದೆ.

ಸಿಂಗಲ್ ಸ್ಲಿಟ್‌ನಲ್ಲಿ a ಎಂದರೆ ಸ್ಲಿಟ್‌ನ ಅಗಲ. a sinθ ಎನ್ನುವುದು ಮೇಲಿನ ಅಂಚಿನ ಅಲೆಗೂ ಕೆಳಗಿನ ಅಂಚಿನ ಅಲೆಗೂ ಇರುವ ವ್ಯತ್ಯಾಸ. ಆದರೆ ಬೆಳಕು ಬರುತ್ತಿರುವುದು ಆ ಎರಡು ಅಂಚುಗಳಿಂದ ಮಾತ್ರ ಅಲ್ಲ, ನಡುವಿನ ಪ್ರತಿಯೊಂದು ಬಿಂದುವಿನಿಂದಲೂ ಬರುತ್ತಿದೆ ಅಲ್ವಾ? ಈಗ ಸ್ಲಿಟ್ ಅನ್ನು ಮನಸ್ಸಿನಲ್ಲೇ ಎರಡು ಅರ್ಧ ಮಾಡಿ. ಮೇಲಿನ ಅರ್ಧದ ಮೇಲ್ತುದಿಯ ಬಿಂದುವಿಗೆ ಕೆಳಗಿನ ಅರ್ಧದ ಮೇಲ್ತುದಿಯ ಬಿಂದುವನ್ನು ಜೋಡಿ ಮಾಡಿ. ಅವುಗಳ ನಡುವಿನ ದೂರ a/2, ಆದ್ದರಿಂದ ವ್ಯತ್ಯಾಸ λ/2. ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿಯುತ್ತವೆ. ಹಾಗೇ ಒಂದೊಂದೇ ಬಿಂದು ಕೆಳಗೆ ಬನ್ನಿ. ಪ್ರತಿ ಬಿಂದುವಿಗೂ ಅದನ್ನು ಅಳಿಸುವ ಜೋಡಿ ಸಿಗುತ್ತದೆ. ಕೊನೆಗೆ ಉಳಿಯುವುದು ಸೊನ್ನೆ. ಅದಕ್ಕೇ ಅಲ್ಲಿ ಕಪ್ಪು.

a sinθ = 3λ/2 ಹತ್ತಿರ ಏನಾಗುತ್ತದೆ? ಈ ಸಲ ಸ್ಲಿಟ್ ಅನ್ನು ಮೂರು ಭಾಗ ಮಾಡಿ. ಎರಡು ಭಾಗ ಒಂದನ್ನೊಂದು ಅಳಿಸುತ್ತವೆ, ಒಂದು ಉಳಿಯುತ್ತದೆ. ಆ ಉಳಿದ ಭಾಗದ ಅಲೆಗಳೂ ತಮ್ಮೊಳಗೆ ಪೂರ್ತಿ ಹೊಂದುವುದಿಲ್ಲ. ಹಾಗಾಗಿ ಅಲ್ಲಿಯ ಬೆಳಕು ನಡುವಿನದರ ಸುಮಾರು 4.7% ಮಾತ್ರ. ಅದರಾಚೆಯದು 2%ಕ್ಕಿಂತ ಕಡಿಮೆ. ನಡುವಿನ ಪಟ್ಟಿಯ ಅಗಲ 2λD/a, ಪಕ್ಕದವು ಅದರ ಅರ್ಧ. ಸಿಂಗಲ್ ಸ್ಲಿಟ್‌ನಲ್ಲಿ ಎಲ್ಲ ಪಟ್ಟಿಗಳ ಅಗಲ ಸಮ ಅಂತ ಬರೆದರೆ ಅಂಕ ಹೋಗುವುದು ಇಲ್ಲೇ. ಸಮ ಇರುವುದು ಡಬಲ್ ಸ್ಲಿಟ್‌ನ ಪಟ್ಟಿಗಳು. ಅಲ್ಲಿ ಎಲ್ಲದಕ್ಕೂ β = λD/d.

ಈಗ ನಿಮ್ಮ ಸ್ಲೈಡ್‌ಗೆ ಬರೋಣ. ಕೆಂಪು ಲೇಸರ್‌ನ λ 650 ನ್ಯಾನೋಮೀಟರ್ ಅಂತ ಇಟ್ಟುಕೊಳ್ಳಿ.

```
β    = λD/d = 5.2 mm
λD/a = 26 mm
d/a  = 5
```

ಎರಡು ಸ್ಲಿಟ್ ಇದ್ದರೂ ಪ್ರತಿಯೊಂದೂ ಒಂದು ಸಿಂಗಲ್ ಸ್ಲಿಟ್ಟೇ. ಯಾವ ದಿಕ್ಕಿಗೆ ಎಷ್ಟು ಬೆಳಕು ಕಳಿಸಬೇಕು ಎನ್ನುವುದನ್ನು a ತೀರ್ಮಾನಿಸುತ್ತದೆ. ಹಾಗೆ ಬಂದ ಎರಡು ಪಾಲನ್ನು ಕೂಡಿಸುವುದೋ ಕಳೆಯುವುದೋ ಎನ್ನುವುದನ್ನು d ತೀರ್ಮಾನಿಸುತ್ತದೆ. ಪರದೆಯ ಒಂದು ಜಾಗಕ್ಕೆ ಒಂದು ಸ್ಲಿಟ್ ಮಾತ್ರ I ಬೆಳಕು ಕಳಿಸಿದರೆ, ಎರಡೂ ಸೇರಿದಾಗ ಹೊಳೆಯುವ ಪಟ್ಟಿಯಲ್ಲಿ 4I, ಕಪ್ಪು ಪಟ್ಟಿಯಲ್ಲಿ ಸೊನ್ನೆ. ಸರಾಸರಿ 2I. ಎರಡು ಸ್ಲಿಟ್‌ಗೆ ಸರಿಹೋಯಿತು, ಬೆಳಕು ಎಲ್ಲಿಂದಲೂ ಹುಟ್ಟಲಿಲ್ಲ, ಎಲ್ಲಿಗೂ ಕಳೆದುಹೋಗಲಿಲ್ಲ.

ನಡುವಿನಿಂದ 26 ಮಿ.ಮೀ. ದೂರದಲ್ಲಿ ಐದನೆಯ ಹೊಳೆಯುವ ಪಟ್ಟಿ ಬರಬೇಕಿತ್ತು, ಯಾಕೆಂದರೆ 5 × 5.2 = 26. ಆದರೆ ಪ್ರತಿ ಸ್ಲಿಟ್‌ನ ಮೊದಲ ಕಪ್ಪು ಜಾಗವೂ ಸರಿಯಾಗಿ ಅದೇ 26 ಮಿ.ಮೀ. ಅಲ್ಲಿಗೆ ಎರಡರಲ್ಲಿ ಒಂದು ಸ್ಲಿಟ್ಟೂ ಬೆಳಕು ಕಳಿಸುತ್ತಿಲ್ಲ. I ಸೊನ್ನೆಯಾದರೆ 4I ಕೂಡ ಸೊನ್ನೆಯೇ. ನಿಮ್ಮ ಐದನೆಯ ಪಟ್ಟಿ ಹೋದದ್ದು ಹೀಗೆ. ಇದಕ್ಕೆ ಮಿಸ್ಸಿಂಗ್ ಆರ್ಡರ್ ಎನ್ನುತ್ತಾರೆ.

ಉಳಿದ ಪಟ್ಟಿಗಳೂ ಸಮ ಇರಲಿಲ್ಲ ಅಂದಿರಿ. ನಡುವಿನದನ್ನು 100 ಅಂದುಕೊಂಡರೆ ಒಂದನೆಯದು ಸುಮಾರು 87, ಎರಡನೆಯದು 57, ಮೂರನೆಯದು 25, ನಾಲ್ಕನೆಯದು 5. ಐದನೆಯದು ಸೊನ್ನೆ. ಆರನೆಯದು ಮತ್ತೆ ಕಾಣಿಸಿಕೊಳ್ಳುತ್ತದೆ, ಆದರೆ ಸುಮಾರು 2.4 ಮಾತ್ರ. ಇಷ್ಟು ಮಸುಕಾದದ್ದನ್ನು ನೋಡಲು ಕೋಣೆ ಚೆನ್ನಾಗಿ ಕತ್ತಲಾಗಿರಬೇಕು. ನಮ್ಮ ಕಡೆ ಜುಲೈ ತಿಂಗಳ ಜಡಿಮಳೆಯ ಮಧ್ಯಾಹ್ನ ಕಿಟಕಿ ಹಾಕಿದರೆ ಆರು, ಏಳನೆಯ ಪಟ್ಟಿಗಳೂ ಕಾಣುತ್ತವೆ. ಮಾರ್ಚ್ ಬಿಸಿಲಿನಲ್ಲಿ ಕಿಟಕಿಯ ಸಂದಿಯಿಂದ ಬರುವ ಬೆಳಕೇ ಅವನ್ನು ನುಂಗಿಬಿಡುತ್ತದೆ, ಆಗ ನಾಲ್ಕಕ್ಕೇ ಎಲ್ಲ ಮುಗಿದ ಹಾಗೆ ಅನಿಸುತ್ತದೆ.

ಪುಸ್ತಕದ ಚಿತ್ರವೂ ಸುಳ್ಳಲ್ಲ. ಅದು a ತೀರಾ ಸಣ್ಣದು ಎಂದುಕೊಂಡು ಬರೆದದ್ದು. d ಹಾಗೇ ಇಟ್ಟು a ಅನ್ನು 0.01 ಮಿ.ಮೀ. ಮಾಡಿದರೆ ಮೊದಲ ಕಪ್ಪು ಜಾಗ 130 ಮಿ.ಮೀ. ದೂರಕ್ಕೆ ಹೋಗುತ್ತದೆ, β ಮಾತ್ರ ಅದೇ 5.2. ನಾಲ್ಕನೆಯ ಪಟ್ಟಿ ಆಗ ನಡುವಿನದರ 92% ಹೊಳೆಯುತ್ತದೆ, ಕಣ್ಣಿಗೆ ಸಮ ಅಂತಲೇ ಕಾಣುತ್ತದೆ. ಆದರೆ ನಡುವಿನ ಬೆಳಕು a ಯ ವರ್ಗದಂತೆ ಇಳಿಯುತ್ತದೆ. a ಐದನೇ ಒಂದು ಭಾಗ ಆದದ್ದರಿಂದ ಬೆಳಕು ಇಪ್ಪತ್ತೈದನೇ ಒಂದು ಭಾಗ. ಅಷ್ಟು ಮಂಕಾದ ಪಟ್ಟಿಗಳನ್ನು ಸ್ಕೇಲ್ ಹಿಡಿದು ಅಳೆಯುವುದು ಕಷ್ಟ. ಲ್ಯಾಬ್ ಸ್ಲೈಡ್‌ಗಳಲ್ಲಿ ಸ್ಲಿಟ್ ಸ್ವಲ್ಪ ಅಗಲವೇ ಇರುವುದು ನಮಗೆ ಅನುಕೂಲ.

ಅಳೆಯುವಾಗ ಎರಡು ಕಡೆ ಜಾಗ್ರತೆ ಬೇಕು. ನಾಲ್ಕನೆಯ ಮತ್ತು ಆರನೆಯ ಪಟ್ಟಿಗಳ ನಡುವಿನ 10.4 ಮಿ.ಮೀ.ಯನ್ನು β ಅಂದುಕೊಂಡರೆ λ ಎರಡು ಪಟ್ಟು ಬರುತ್ತದೆ. 1300 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ತಪ್ಪು ಸುಲಭಕ್ಕೆ ಸಿಗುವುದಿಲ್ಲ. ನಡುವಿನ ಗುಂಪಿನಲ್ಲಿ ಒಂಬತ್ತು ಹೊಳೆಯುವ ಪಟ್ಟಿಗಳಿವೆ. ಈ ತುದಿಯ ಪಟ್ಟಿಯ ನಡುವಿನಿಂದ ಆ ತುದಿಯ ಪಟ್ಟಿಯ ನಡುವಿಗೆ 41.6 ಮಿ.ಮೀ. ಅದನ್ನು ಭಾಗಿಸಬೇಕಾದದ್ದು 8ರಿಂದ, ಯಾಕೆಂದರೆ ಒಂಬತ್ತು ಪಟ್ಟಿಗಳ ನಡುವೆ ಅಂತರ ಎಂಟೇ. ತುಂಬಾ ಮಕ್ಕಳು 9ರಿಂದ ಭಾಗಿಸುತ್ತಾರೆ. ಆಗ β 4.62 ಮಿ.ಮೀ., λ ಸುಮಾರು 578 ನ್ಯಾನೋಮೀಟರ್. ಅದು ಹಳದಿ ಬೆಳಕು. ಪರದೆ ಮೇಲೆ ಕೆಂಪು ಇದ್ದು ರೆಕಾರ್ಡಿನಲ್ಲಿ ಹಳದಿ ಬಂದರೆ ಭಾಗಾಕಾರವನ್ನು ಇನ್ನೊಮ್ಮೆ ನೋಡಿ.

ಪಟ್ಟಿ ಪೂರ್ತಿ ಮಾಯವಾಗಬೇಕಾದರೆ d/a ಪೂರ್ಣಾಂಕವೇ ಆಗಬೇಕೆಂದಿಲ್ಲ. ಅದು 2.5 ಇದ್ದರೂ ಐದನೆಯದೇ ಹೋಗುತ್ತದೆ, ಆದರೆ ಈ ಸಲ ಎರಡನೆಯ ಕಪ್ಪು ಜಾಗಕ್ಕೆ ಸಿಕ್ಕಿ. ಎರಡೂ ಸಂದರ್ಭವನ್ನು ಬೇರೆ ಮಾಡಲು ನಡುವಿನ ಗುಂಪಿನ ಪಟ್ಟಿಗಳನ್ನು ಎಣಿಸಿ: 5 ಇದ್ದರೆ ಒಂಬತ್ತು, 2.5 ಇದ್ದರೆ ಐದು ಮಾತ್ರ.