ಭಾವುಕ ಪದ ಬೇಡ, ‘ಐ’ಗಳನ್ನು ಎಣಿಸಿ

ಪ್ರಶ್ನೆ: ನಿವೃತ್ತರಾಗುತ್ತಿರುವ ನಮ್ಮ ಪ್ರೊಫೆಸರ್ ಬರೆದ ವಿದಾಯದ ಪತ್ರವನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಯಾಕೋ ಸಪ್ಪೆಯಾಗಿದೆ. ಸ್ವಲ್ಪ ಭಾವುಕ ಪದ ಸೇರಿಸಬಹುದೇ?

ಬೇಡ, ಸೇರಿಸಲೇಬೇಡಿ. ಇಂಥ ಪತ್ರಗಳ ಅನುವಾದದಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪು ಇದೇ. ಸಪ್ಪೆಯಾಗುವುದು ಭಾವ ಕಡಿಮೆಯಾಗಿ ಅಲ್ಲ, ‘ಐ’ ಹೆಚ್ಚಾಗಿ. ಕನ್ನಡದಲ್ಲಿ ‘ಬಂದೆ, ಕಲಿಸಿದೆ, ಕಲಿತೆ’ ಎಂದರೆ ಸಾಕು, ‘ನಾನು’ ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತದೆ. ಇಂಗ್ಲಿಷಿನಲ್ಲಿ ಅದು ಪ್ರತಿ ವಾಕ್ಯದ ತಲೆಗೇ ಬಂದು ಕೂರುತ್ತದೆ. ತಮ್ಮನ್ನು ಹಿಂದಿಟ್ಟು ಬರೆದ ಮೇಷ್ಟ್ರು ತಮ್ಮದನ್ನೇ ಹೇಳಿಕೊಳ್ಳುವವರಂತೆ ಕಾಣುತ್ತಾರೆ. ಅದರ ಮೇಲೆ ‘ಡೀಪ್ಲಿ’, ‘ಟ್ರೂಲಿ’ ಸುರಿದರೆ ಅವರು ತಡೆದು ಹೇಳಿದ್ದೂ ಹೋಯಿತು.

ಪತ್ರ ಹೀಗಿದೆ ಎಂದುಕೊಳ್ಳಿ: ‘ಈ ವಿಭಾಗಕ್ಕೆ ಬಂದಾಗ ಹೆಚ್ಚೇನೂ ಗೊತ್ತಿರಲಿಲ್ಲ. ಏನೋ ತಿಳಿದಷ್ಟು ಹೇಳಿಕೊಟ್ಟೆ. ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೋಗಿಬರುತ್ತೇನೆ.’ ಒಂದು ಕಡೆಯೂ ‘ನಾನು’ ಇಲ್ಲ.

ಮೊದಲೆರಡು ವಾಕ್ಯಗಳನ್ನು ಕೂಡಿಸಿ, ಕರ್ತೃವಿನ ಜಾಗವನ್ನು ವಿಭಾಗಕ್ಕೆ ಕೊಡಿ: ‘ದಿಸ್ ಡಿಪಾರ್ಟ್‌ಮೆಂಟ್ ಟುಕ್ ಮಿ ಇನ್ ವೆನ್ ಐ ನ್ಯೂ ವೆರಿ ಲಿಟಲ್, ಅಂಡ್ ಲೆಟ್ ಮಿ ಟೀಚ್ ವಾಟ್ ಐ ಕುಡ್.’ ‘ಏನೋ’ ಎಂಬುದಕ್ಕೆ ಪದ ಹುಡುಕುತ್ತಾ ಕೂರಬೇಡಿ, ಆ ಸಂಕೋಚವನ್ನು ‘ವಾಟ್ ಐ ಕುಡ್’ ಹೊರುತ್ತದೆ. ‘ಐ ಡಿಡ್ ಮೈ ಬೆಸ್ಟ್’ ಎಂದರೆ ಸಮರ್ಥಿಸಿಕೊಂಡಂತೆ ಕೇಳುತ್ತದೆ.

ಮೂರನೆಯ ವಾಕ್ಯದಲ್ಲಿ ಎಚ್ಚರ ಬೇಕು. ‘ಪ್ಲೀಸ್ ಫರ್ಗಿವ್ ಮಿ’ ಎಂದು ಬರೆದರೆ ಇಂಗ್ಲಿಷ್ ಓದುಗ ‘ಏನಾಗಿತ್ತಪ್ಪ?’ ಎಂದು ಯೋಚಿಸುತ್ತಾನೆ. ನಮ್ಮಲ್ಲಿ ಅದು ಹೊರಡುವಾಗಿನ ಸೌಜನ್ಯ, ತಪ್ಪೊಪ್ಪಿಗೆಯಲ್ಲ. ‘ಆಗಿದ್ದರೆ’ ಎಂದರೇ ಹೊರತು ‘ಮಾಡಿದ್ದರೆ’ ಎನ್ನಲಿಲ್ಲ, ನೋಡಿ. ಹಾಗಾಗಿ ‘ವೇರ್ ಥಿಂಗ್ಸ್ ಫೆಲ್ ಶಾರ್ಟ್, ಪ್ಲೀಸ್ ಲೆಟ್ ದೆಮ್ ಪಾಸ್’ ಸಾಕು.

‘ಹೋಗಿಬರುತ್ತೇನೆ’ಗೆ ‘ಗುಡ್‌ಬೈ’ ಹಾಕಿದರೆ ಬಾಗಿಲು ಮುಚ್ಚಿದಂತೆ. ‘ಅಂಟಿಲ್ ವಿ ಮೀಟ್ ಅಗೇನ್’ ಭಾಷಣದ ಧಾಟಿ. ‘ಐ ವಿಲ್ ಬಿ ಸೀಯಿಂಗ್ ಯು’ ಎಂದು ಬರೆದು, ಅದನ್ನೊಂದೇ ಬೇರೆ ಸಾಲಿನಲ್ಲಿಡಿ. ಈಗ ಎಣಿಸಿ: ವಾಕ್ಯದ ತಲೆಯಲ್ಲಿ ‘ಐ’ ಉಳಿದಿರುವುದು ಇಲ್ಲಿ ಮಾತ್ರ, ಇಲ್ಲಿ ಅದು ಇರಲೇಬೇಕು.

ಒಂದು ಮಾತು. ‘ಟುಕ್ ಮಿ ಇನ್’ ಎಂಬುದರಲ್ಲಿ ಮೂಲದಲ್ಲಿಲ್ಲದ ಕೃತಜ್ಞತೆ ಸ್ವಲ್ಪ ಸೇರಿದೆ. ಮಿಕ್ಕಿದ್ದು ನಿಮ್ಮ ಕೈಯಲ್ಲಿರಲಿ, ಈ ಒಂದು ಸಾಲನ್ನು ಮಾತ್ರ ಮೇಷ್ಟ್ರಿಗೆ ತೋರಿಸಿ. ಅವರು ಒಪ್ಪದಿದ್ದರೆ ‘ಐ ಕೇಮ್ ಹಿಯರ್ ನೋಯಿಂಗ್ ವೆರಿ ಲಿಟಲ್, ಅಂಡ್ ಟಾಟ್ ವಾಟ್ ಐ ಕುಡ್’ ಎಂದಿಡಿ. ಆಗಲೂ ಎರಡು ವಾಕ್ಯಕ್ಕೆ ತಲೆಯಲ್ಲಿ ಒಂದೇ ‘ಐ’.